ಧಾರ್ಮಿಕ ಚಾನೆಲ್‌ನಲ್ಲಿ ದ್ವೇಷದ ಕಾಮೆಂಟ್‌ಗಳಿಗೆ ಹೇಗೆ ಉತ್ತರಿಸಬೇಕು?

ನಮ್ಮ ಯೂಟ್ಯೂಬ್ ಪ್ರವಚನಗಳ ಕೆಳಗೆ ಜಗಳ ಹಚ್ಚುವವರಿಗೆ ಅಲ್ಲೇ ಉತ್ತರ ಕೊಡಬೇಕೇ, ಅಳಿಸಬೇಕೇ?

ಅವರ ಕಾಮೆಂಟಿನ ಕೆಳಗೆ ಉತ್ತರಿಸಬೇಡಿ. ನಿಮ್ಮದೇ ಹೊಸ ಕಾಮೆಂಟ್ ಬರೆದು ಅದನ್ನು ಪಿನ್ ಮಾಡಿ. ಉತ್ತರಗಳು ಹೆಚ್ಚಿದಷ್ಟೂ ಆ ಕಾಮೆಂಟ್ ಮೇಲೇರುವ ಸಾಧ್ಯತೆ ಹೆಚ್ಚು. ನೀವು ಖಂಡಿಸಲು ಹೋಗಿ ಅದಕ್ಕೆ ಪ್ರಚಾರ ಕೊಟ್ಟಂತಾಗುತ್ತದೆ. ಪಿನ್ ಮಾಡಿದ್ದು ಮಾತ್ರ ಹೇಗಿದ್ದರೂ ಮೊದಲ ಸಾಲಿನಲ್ಲೇ ಇರುತ್ತದೆ.

ಅಳಿಸುವ ಮುನ್ನ ಮಾತು ಯಾರ ಮೇಲಿದೆ ನೋಡಿ. ‘ಇದು ಯಾವ ಗ್ರಂಥದಲ್ಲಿದೆ? ಬರೀ ಕಟ್ಟುಕಥೆ’ ಎಂಬುದು ಒರಟಾದರೂ ಪ್ರಶ್ನೆಯೇ, ಉಳಿಸಿಕೊಳ್ಳಿ. ‘ಈ ಪಂಥದವರೆಲ್ಲ ಮೋಸಗಾರರು’ ಎಂಬುದು ಜನರ ಮೇಲಿನ ದಾಳಿ, ತೆಗೆಯಿರಿ. ಮತ್ತೆ ಮತ್ತೆ ಬರುವವರನ್ನು ಚಾನೆಲ್‌ನಿಂದ ಮರೆಮಾಡಿ. ಅವರಿಗೆ ಸೂಚನೆ ಹೋಗುವುದಿಲ್ಲ, ಹಾಗಾಗಿ ಹೊಸ ಜಗಳವೂ ಹುಟ್ಟುವುದಿಲ್ಲ.

ಪಿನ್ ಬರಹದಲ್ಲಿ ಆರೋಪವನ್ನು ಪುನರುಚ್ಚರಿಸಬೇಡಿ, ಯಾರ ಹೆಸರನ್ನೂ ಎತ್ತಬೇಡಿ: ‘ಆಧಾರ ಕೇಳಿದವರಿಗೆ: ಈ ಕಥೆ ಇಂಥ ಗ್ರಂಥದ ಇಂಥ ಅಧ್ಯಾಯದಲ್ಲಿದೆ. ಬೇರೆ ಪಾಠಗಳೂ ಇವೆ. ಭಿನ್ನಾಭಿಪ್ರಾಯ ಬರೆಯಬಹುದು, ಯಾವುದೇ ಸಮುದಾಯದ ನಿಂದನೆಯನ್ನು ತೆಗೆಯುತ್ತೇವೆ.’ ಒಂದು ವಿಡಿಯೊಗೆ ಒಂದೇ ಪಿನ್. ಎರಡನೆಯದನ್ನು ಹಾಕಿದರೆ ಮೊದಲನೆಯದು ಕೆಳಗಿಳಿಯುತ್ತದೆ.

ನಿರ್ಬಂಧಿತ ಪದಗಳ ಪಟ್ಟಿಗೆ ಬೈಗುಳಗಳನ್ನಷ್ಟೇ ಸೇರಿಸಿ. ಪಂಥದ ಹೆಸರನ್ನೇ ಸೇರಿಸಿದರೆ ನಿಮ್ಮ ಭಕ್ತರ ಕಾಮೆಂಟ್‌ಗಳೂ ತಡೆಯಲ್ಲಿ ಸಿಕ್ಕಿಬೀಳುತ್ತವೆ.