ಘಟಿಕೋತ್ಸವದ ಗೌನ್: ಶರ್ಟ್ ಸೈಜ್ ನೋಡಿ ಕತ್ತರಿ ಹಾಕಬೇಡಿ

“ಅಣ್ಣ, ಒಂದು ಬಿ.ಎಡ್. ಕಾಲೇಜಿಂದ ಮುಂದೆ ಜಿಪ್ ಇರೋ 120 ಗೌನ್ ಆರ್ಡರ್ ಬಂದಿದೆ. ಎಲ್ಲರ ಶರ್ಟ್ ಸೈಜ್ ಬರೆಸಿಕೊಂಡಿದೀನಿ, 36ರಿಂದ 44. ಸೈಜ್ ಏರಿದ ಹಾಗೆ ಉದ್ದಾನೂ ಏರಿಸಿ ಕಟಿಂಗ್ ಮಾಡಿದ್ರೆ ಸಾಕಾ? ಕ್ಯಾಪ್ ಫ್ರೀ ಸೈಜ್, ಕತ್ತಿಂದ ಬೆನ್ನ ಮೇಲೆ ಇಳಿಬೀಳೋ ಹುಡ್ ಎಲ್ಲರಿಗೂ ಒಂದೇ.” (ಶಿರಾದಿಂದ)

ತಮ್ಮಾ, ಕತ್ತರಿ ಕೆಳಗಿಡು. ಇದೇ ತಪ್ಪು ನಾನೂ ಒಂದು ಸಲ ಮಾಡಿದ್ದೇ, ಅದಕ್ಕೇ ಇಷ್ಟುದ್ದ ಬರೀತಿರೋದು. ಗೌನ್‌ಗೆ ಮೊದಲು ಬೇಕಾಗಿರೋದು ಎತ್ತರ. ಎದೆ ಆಮೇಲೆ, ಅದೂ ದಪ್ಪ ಇರೋ ಹತ್ತು ಹನ್ನೆರಡು ಜನಕ್ಕೆ ಮಾತ್ರ. ಶರ್ಟ್ ಸೈಜ್ ಪಟ್ಟಿಯಲ್ಲಿ ಎತ್ತರ ಅನ್ನೋದೇ ಇಲ್ಲವಲ್ಲ.

ಎರಡು ಉದಾಹರಣೆ ತಗೋ. ಒಬ್ಬ ಹೆಣ್ಣುಮಗಳು 5 ಅಡಿ 1 ಇಂಚು, ಎದೆ 44. ಒಬ್ಬ ಹುಡುಗ 5 ಅಡಿ 10, ಎದೆ 36. ನಿನ್ನ ಲೆಕ್ಕದಲ್ಲಿ ಆಕೆಗೆ 51 ಇಂಚು ಉದ್ದದ್ದು ಬೀಳುತ್ತೆ, ಅವನಿಗೆ 44. ಆಕೆ ಚಪ್ಪಲಿ ಹಾಕಿ ನಿಂತರೆ ಕತ್ತಿನ ಬುಡದಿಂದ ನೆಲಕ್ಕೆ ಸುಮಾರು 52 ಇಂಚು. ಅಂದ್ರೆ ಅಂಚು ನೆಲದಿಂದ ಒಂದೇ ಇಂಚು ಮೇಲೆ. ವೇದಿಕೆ ಮೆಟ್ಟಿಲಿಗೆ ಮೊದಲ ಹೆಜ್ಜೆ ಇಡುತ್ತಲೇ ಮುಂದಿನ ಅಂಚನ್ನ ತಾನೇ ತುಳೀತಾಳೆ. ಹುಡುಗನಿಗೆ ಅದೇ ಅಳತೆ 60 ಇಂಚು ಬರುತ್ತೆ, 44 ಕಳೆದರೆ ನೆಲದಿಂದ 16 ಇಂಚು ಮೇಲೆ, ಮಂಡಿಯಿಂದ ನಾಲ್ಕು ಬೆರಳು ಕೆಳಗೆ. ಫೋಟೋದಲ್ಲಿ ಲ್ಯಾಬ್ ಕೋಟ್ ಹಾಕ್ಕೊಂಡ ಕಾಂಪೌಂಡರ್ ಥರ ಕಾಣ್ತಾನೆ. ಆಕೆಗೆ ಬೇಕಾದ ಉದ್ದ 44, ಅವನಿಗೆ 50. ನೋಡಿದೆಯಾ, ಪೂರ್ತಿ ತಿರುವುಮುರುವು.

ಅಳತೆ ಹೀಗೆ ತೆಗಿ. ಟೇಪ್ ಭುಜದ ತುದಿಯಲ್ಲಿ ಇಡಬೇಡ, ಕತ್ತು ಭುಜ ಸೇರೋ ಕಡೆ ಇಡು. ಆ ದಿನ ಹಾಕೋ ಚಪ್ಪಲಿ, ಶೂ ಕಾಲಲ್ಲೇ ಇರಲಿ. ನೆಲದವರೆಗೆ ಬಿಟ್ಟು, ಗಿಡ್ಡ ಇದ್ದವರಿಗೆ 8, ಎತ್ತರ ಇದ್ದವರಿಗೆ 10 ಇಂಚು ಕಳಿ. ಅಂಚು ಮೀನಖಂಡದ ಕೆಳಭಾಗಕ್ಕೆ ಬರಬೇಕು. 120 ಜನರನ್ನ ನಿಲ್ಲಿಸಿ ಅಳೆಯೋಕೆ ಆಗಲ್ಲ ಅಂದ್ರೆ ಎತ್ತರ ಒಂದನ್ನೇ ಬರೆಸ್ಕೋ. ಎತ್ತರವನ್ನ ಇಂಚಿಗೆ ತಿರುಗಿಸಿ, ಅದರ ಮುಕ್ಕಾಲು ತಗೊಂಡು ಎರಡು ಇಂಚು ಕಳಿ. 5 ಅಡಿ 4 ಅಂದ್ರೆ 64, ಮುಕ್ಕಾಲು 48, ಉದ್ದ 46. ಇಂಚು ಆಚೆ ಈಚೆ ಆದರೂ ಯಾರ ಕಣ್ಣಿಗೂ ಬೀಳಲ್ಲ.

ಎತ್ತರದಲ್ಲಿ ಮೂರು ಇಂಚಿಗೊಂದು ಗುಂಪು ಮಾಡು. ಗುಂಪಿಂದ ಗುಂಪಿಗೆ ಉದ್ದ ಎರಡೂಕಾಲು ಇಂಚು ಏರುತ್ತೆ. 4 ಅಡಿ 9ರಿಂದ 6 ಅಡಿ 2ರವರೆಗೆ ಆರು ಗುಂಪಲ್ಲಿ ಎಲ್ಲರೂ ಬರ್ತಾರೆ. ಬಿ.ಎಡ್. ಅಂದ್ರೆ ಹೆಣ್ಣುಮಕ್ಕಳೇ ಜಾಸ್ತಿ, ಹಂಗಾಗಿ 5 ಅಡಿಯಿಂದ 5 ಅಡಿ 5ರ ಎರಡು ಗುಂಪಿಗೇ ಬಟ್ಟೆ ಹೆಚ್ಚು ಹೋಗುತ್ತೆ. ಬಟ್ಟೆ ತರೋಕೆ ಮುಂಚೆ ಪಟ್ಟಿ ಕೈಯಲ್ಲಿರಲಿ.

ಇದೇ ಪ್ರಶ್ನೆಗೆ ಗುಬ್ಬಿ ಊರಿನ ಅಣ್ಣ ಒಬ್ಬರು “ಎಲ್ಲಾ ಡಬಲ್ ಎಕ್ಸೆಲ್ ಹೊಲಿ, ಗೌನ್ ಲೂಸ್ ಇದ್ರೇನೇ ಚಂದ” ಅಂದಿದ್ದಾರೆ. ಅರ್ಧ ನಿಜ. ಅಗಲದಲ್ಲಿ ಲೂಸ್ ಇರಲೇಬೇಕು. ಎದೆ ಹತ್ರ ಹೊಲಿದ ಮೇಲಿನ ಸುತ್ತಳತೆ 56 ಇಂಚು ಇಟ್ಟರೆ 34 ಎದೆಯವರಿಗೂ 42 ಎದೆಯವರಿಗೂ ಅದೇ ಆಗುತ್ತೆ, ಸಣ್ಣಗಿರೋರಿಗೆ ನೆರಿಗೆ ಸ್ವಲ್ಪ ಜಾಸ್ತಿ ಬೀಳುತ್ತೆ ಅಷ್ಟೇ. ಆದರೆ ಡಬಲ್ ಎಕ್ಸೆಲ್ ಮಾಡೋವಾಗ ನಾವು ಅಭ್ಯಾಸಬಲದಿಂದ ಭುಜ, ತೋಳು, ಉದ್ದ ಎಲ್ಲಾ ಏರಿಸ್ತೀವಲ್ಲ, ಎಡವಟ್ಟು ಅಲ್ಲೇ. ಭುಜ ಜಾರಿದರೆ ಕತ್ತು ಬಾಯಿ ಬಿಡುತ್ತೆ, ಹುಡ್ ನಿಲ್ಲಲ್ಲ. ತೋಳು ಬೆರಳು ಮುಚ್ಚುತ್ತೆ, ಸರ್ಟಿಫಿಕೇಟ್ ಇಸ್ಕೊಳ್ಳೋವಾಗ ಕೈಯೇ ಕಾಣಲ್ಲ. ತೋಳನ್ನ ಬೆನ್ನ ಮೇಲಿನ ಕತ್ತಿನ ಮಧ್ಯದಿಂದ ಭುಜದ ಮೇಲಾಸಿ ಮಣಿಕಟ್ಟಿನ ಮೂಳೆವರೆಗೆ ಅಳಿ, ಅಲ್ಲಿಗೆ ನಿಲ್ಲಿಸು.

ಎದೆ 42 ದಾಟಿದವರಿಗೆ ಉದ್ದ ಅವರ ಎತ್ತರದ ಗುಂಪಿಂದೇ ಇರಲಿ, ಭುಜದ ಮೇಲಿನ ತುಂಡು, ಅಂದ್ರೆ ಯೋಕ್ ಕೂಡ ಅದೇ. ಅಗಲ ಮಾತ್ರ ಕಂಕುಳ ಕೆಳಗೆ ಕೊಡು. ಎರಡೂ ಬದಿಗೆ ಒಂದೊಂದು ಕಲಿ, ಅಂದ್ರೆ ಕೆಳಗೆ ಅಗಲ ಆಗೋ ಬಟ್ಟೆ ತುಂಡು ಸೇರಿಸು: ಮೇಲೆ 4 ಇಂಚು, ಅಂಚಲ್ಲಿ 7 ಇಂಚು. ಎದೆ ಹತ್ರ 8 ಇಂಚು ಸಿಕ್ಕಿ 64 ಆಯ್ತು. ಕಂಕುಳನ್ನ ಒಂದು ಇಂಚು ಇಳಿಸೋದು ಮರೀಬೇಡ, ಇಲ್ಲಾಂದ್ರೆ ಕೈ ಎತ್ತಿದಾಗ ಗೌನ್ ಪೂರ್ತಿ ಮೇಲಕ್ಕೇಳುತ್ತೆ. ಅಗಲ ಸಾಲ್ತಿಲ್ಲ ಅಂತ ಗೊತ್ತಾಗೋದು ಹೀಗೆ: ಜಿಪ್ ಹಾಕಿದಾಗ ಎದೆ ಮೇಲಿಂದ ಕಂಕುಳಕ್ಕೆ ಬೀಸಣಿಗೆ ಥರ ಗೆರೆ ಏಳುತ್ತೆ.

ಹೊಟ್ಟೆ ಇದ್ದವರದ್ದು ಬೇರೆ ಕತೆ. ಬಟ್ಟೆ ಹೊಟ್ಟೆ ಹತ್ತಿ ಇಳಿಯೋವಾಗ ಮುಂದಿನ ಅಂಚು ಮೇಲಕ್ಕೆ ಹೋಗುತ್ತೆ. ಮುಂಭಾಗದ ಮಧ್ಯದಲ್ಲಿ ಒಂದೂಕಾಲು ಇಂಚು ಜಾಸ್ತಿ ಬಿಟ್ಟು, ಬದಿ ಹೊಲಿಗೆ ಹತ್ರ ಬರೋಷ್ಟರಲ್ಲಿ ಸೊನ್ನೆ ಮಾಡು. ಅಂಥವರಿಗೆ ಎದೆ ಅಲ್ಲ, ಎಲ್ಲಿ ಅತೀ ದಪ್ಪವೋ ಆ ಸುತ್ತಳತೆಯೇ ಲೆಕ್ಕ. ಸೀರೆ ಉಡೋರಿಗೆ ಸೀರೆ ಮೇಲೇ ಟೇಪ್ ಹಾಕು. ನೆರಿಗೆ, ಸೆರಗು ಸೇರಿ ಎರಡು ಇಂಚು ಸಲೀಸಾಗಿ ತಿನ್ನುತ್ತೆ.

ಚಿಂತಾಮಣಿ ಅಕ್ಕ “ಸೀರೆಯವರಿಗೆ 6 ಇಂಚೇ ಕಳೀತೀನಿ, ಕೆಳಗೆ ಸೀರೆ ಜಾಸ್ತಿ ಕಂಡ್ರೆ ಚೆನ್ನಾಗಿರಲ್ಲ” ಅಂತಾರೆ. ಫೋಟೋಗೆ ಅದು ಚಂದ, ಒಪ್ತೀನಿ. ಆದರೆ ಸೀರೆ ನೆರಿಗೆ ಒಂದು ಕೈಲಿ ಹಿಡಿದು ಮೆಟ್ಟಿಲು ಹತ್ತೋರಿಗೆ ಅದರ ಜೊತೆ ಗೌನ್ ಅಂಚನ್ನೂ ಹಿಡಿ ಅಂದ್ರೆ ಹೆಂಗಕ್ಕಾ? ನಾನು 8ಕ್ಕಿಂತ ಕಮ್ಮಿ ಮಾಡಲ್ಲ. ಅಕ್ಕ ಅವರ ಲೆಕ್ಕ ಬಿಡಲ್ಲ ಅಂತ ಗೊತ್ತು.

ಮಾಲೂರಿನವರೊಬ್ಬರು ಇದಕ್ಕೆ ಉತ್ತರವಾಗಿ ಲಾಯರ್ ಗೌನ್ ಪ್ಯಾಟರ್ನ್ ಹಾಕಿದ್ದಾರೆ. ಸ್ವಾಮಿ, ಅದು ಮುಂದೆ ತೆರೆದಿರೋ ಗೌನ್, ಒಳಗೆ ಕೋಟು ಬರುತ್ತೆ. ಈ ಹುಡುಗ ಕೇಳಿರೋದು ಮುಂದೆ ಜಿಪ್ ಇರೋದು. ಇದರ ಮೇಲೆ ಅದನ್ನಿಟ್ಟು ಕಟ್ ಮಾಡಿದರೆ ಮುಂಭಾಗ ಸೇರೋದೇ ಇಲ್ಲ.

ಬಟ್ಟೆ ಯಾವುದು ಅಂತ ಹೇಳಿಲ್ಲ ನೀನು. ಪಾಲಿಯೆಸ್ಟರ್ ಆದ್ರೆ ತಲೆನೋವಿಲ್ಲ, ಸೆಖೆ ಮಾತ್ರ. ಯುಜಿಸಿ 2019ರಲ್ಲಿ ಘಟಿಕೋತ್ಸವಕ್ಕೆ ಕೈಮಗ್ಗದ ಬಟ್ಟೆ ಬಳಸಿ ಅಂತ ವಿಶ್ವವಿದ್ಯಾಲಯಗಳಿಗೆ ಪತ್ರ ಬರೆದಿದೆ, ಹಂಗಾಗಿ ಕಾಲೇಜಿನವರು ಕೈಮಗ್ಗದ ಹತ್ತಿ ಕೇಳಬಹುದು. ಹಾಗಾದ್ರೆ ಒಂದು ಮೀಟರ್ ಕತ್ತರಿಸಿ ರಾತ್ರಿಯೆಲ್ಲಾ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿ ಅಳಿ. 4 ಸೆಂ.ಮೀ. ಕಮ್ಮಿ ಆಗಿದ್ರೆ 46 ಇಂಚಿನ ಗೌನ್ ಮೊದಲ ಒಗೆತಕ್ಕೇ ಹೆಚ್ಚುಕಮ್ಮಿ ಎರಡು ಇಂಚು ಏರುತ್ತೆ ಅಂತ ಅರ್ಥ. ಥಾನನ್ನೇ ಮೊದಲು ನೀರಿಗೆ ಹಾಕು. ಜಿಪ್ ವೈಕೆಕೆ ಹಾಕು, ಹತ್ತು ರೂಪಾಯಿ ಉಳಿಸೋಕೆ ಹೋಗಿ ಹೆಸರಿಲ್ಲದ್ದು ತರಬೇಡ. ಬಾಡಿಗೆಗೆ ಓಡೋ ಗೌನಲ್ಲಿ ಮೊದಲು ಸಾಯೋದೇ ಜಿಪ್ಪು.

ಇನ್ನು ಕ್ಯಾಪ್. ಫ್ರೀ ಸೈಜ್ ಅಂದ್ರೆ ಹಿಂದೆ ಎಲಾಸ್ಟಿಕ್ ಇದೆ ಅಂತಷ್ಟೇ, ಎಲ್ಲರ ತಲೆಗೂ ಆಗುತ್ತೆ ಅಂತಲ್ಲ. ಕಿವಿ ಮೇಲೆ, ಹಣೆ ಮಧ್ಯದಲ್ಲಿ ಟೇಪ್ ಸುತ್ತಿ ಸೆಂ.ಮೀ.ನಲ್ಲಿ ಬರ್ಕೋ. 56ಕ್ಕೆ ಒಂದು, 59ಕ್ಕೆ ಒಂದು, ಎರಡು ಸೈಜ್ ಇದ್ರೆ ಬಹುತೇಕ ಎಲ್ಲರಿಗೂ ಹೊಂದುತ್ತೆ. ಮುಂದಿನ ಪಟ್ಟಿ ಹುಬ್ಬಿಂದ ಎರಡು ಬೆರಳು ಮೇಲಿರಬೇಕು, ಕ್ಯಾಪ್ ಮೇಲಿನ ಚೌಕ ಹಲಗೆ ನೆಲಕ್ಕೆ ಸಮನಾಗಿ ಮಲಗಿರಬೇಕು. ಚಿಕ್ಕದಾದ್ರೆ ತಲೆ ಹಿಂದಕ್ಕೆ ಜಾರಿ ಸೂರ್ಯಕಾಂತಿ ಥರ ಆಕಾಶ ನೋಡುತ್ತೆ, ದೊಡ್ಡದಾದ್ರೆ ಹುಬ್ಬಿನ ಮೇಲೆ ಕೂರುತ್ತೆ. ಎಲಾಸ್ಟಿಕ್ ಮುಂದಕ್ಕೆ ಮಾಡಿ ಹಾಕ್ಕೊಳ್ಳೋರು ಪ್ರತಿ ಬ್ಯಾಚಲ್ಲೂ ಇಬ್ಬರಿರ್ತಾರೆ. ಒಳಗೆ ‘ಹಿಂದೆ’ ಅಂತ ಬಿಳಿ ದಾರದಲ್ಲಿ ಒಂದು ಗುರುತು ಹೊಲಿದುಬಿಡು.

ನಮ್ಮ ಹೆಣ್ಣುಮಕ್ಕಳ ತಲೇಲಿ ಕೊಬ್ಬರಿ ಎಣ್ಣೆ ಇರುತ್ತೆ, ಸ್ಯಾಟಿನ್ ಅಸ್ತರ್ ಜಾರದೇ ಏನು ಮಾಡುತ್ತೆ? ಹಣೆ ಪಟ್ಟಿ ಒಳಗೆ ಒಂದು ಇಂಚು ಅಗಲದ ವೆಲ್ವೆಟ್ ಪಟ್ಟಿಯನ್ನ ಕಿವಿಯಿಂದ ಕಿವಿವರೆಗೆ ಕೈಹೊಲಿಗೆ ಹಾಕು, ಹಿಡಿದು ನಿಲ್ಲುತ್ತೆ. ತುರುಬು ಎತ್ತರಕ್ಕೆ ಕಟ್ಟಿದರೆ ಹಿಂಭಾಗ ಎದ್ದು ಹಲಗೆ ಮೂಗಿನ ಕಡೆ ಬಾಗುತ್ತೆ. ತುರುಬು ಹೆಕ್ಕತ್ತಿನ ಹತ್ರ ಇರಲಿ, ಮಲ್ಲಿಗೆ ದಂಡೆನೂ ಪಟ್ಟಿಯಿಂದ ಕೆಳಗೇ ಮುಡೀಲಿ. ಪಿನ್ ಹಾಕೋದಾದ್ರೆ ಕಿವಿ ಹಿಂದೆ ಟೋಪಿ ಪಟ್ಟಿಗೆ ಹಾಕಿಸು, ಹಲಗೆ ಬಟ್ಟೆಗಲ್ಲ. ಕ್ಯಾಪಿನ ಕುಚ್ಚು ಮೊದಲು ಬಲಕ್ಕೆ, ಪದವಿ ಕೊಟ್ಟ ಮೇಲೆ ಎಡಕ್ಕೆ ಅನ್ನೋದು ಅಮೆರಿಕದವರ ರೂಢಿ. ಕಾಲೇಜಿನವರು ಏನು ಹೇಳ್ತಾರೋ ಅದೇ ಸರಿ, ನೀನು ನಡುವೆ ಬಾಯಿ ಹಾಕಬೇಡ.

ಹುಡ್ ಎಲ್ಲರಿಗೂ ಒಂದೇ ಅಂದಿದ್ದು ಉದ್ದದ ಮಟ್ಟಿಗೆ ಸರಿ. ಅದು ಆಳಿನ ಎತ್ತರದ ಮೇಲಲ್ಲ, ಪದವಿ ಮೇಲೆ ನಿಲ್ಲೋದು. ಅಮೆರಿಕದ ಪದ್ಧತಿಯಲ್ಲಿ ಪದವಿಗೆ ಮೂರಡಿ, ಸ್ನಾತಕೋತ್ತರಕ್ಕೆ ಮೂರೂವರೆ, ಡಾಕ್ಟರೇಟ್‌ಗೆ ನಾಲ್ಕು. ನಿನಗೆ ಕಾಲೇಜಿಂದ ಒಂದು ಸ್ಯಾಂಪಲ್ ಇಸ್ಕೊಂಡು ಅದರಂತೆ ಹೊಲಿಯೋದೇ ಕ್ಷೇಮ, ಬಣ್ಣಾನೂ ಅದರದ್ದೇ. ಕತ್ತಿನ ಪಟ್ಟಿ ಮಾತ್ರ ಒಂದೇ ಅಳತೆ ಎಲ್ಲರಿಗೂ ಆಗಲ್ಲ. ಅದು ಭುಜದ ಮೇಲೆ ಮಲಗಿ, ಮುಂದೆ ‘ವಿ’ ಆಕಾರದಲ್ಲಿ ಕುತ್ತಿಗೆ ಗುಳಿಯಿಂದ ಮೂರು ನಾಲ್ಕು ಬೆರಳು ಕೆಳಗೆ ಬರಬೇಕು. ದಪ್ಪ ಇರೋರಿಗೆ ಪಟ್ಟಿ ಎರಡು ಇಂಚು ಉದ್ದ ಇಡು.

ಹುಡ್‌ನ ಭಾರವೆಲ್ಲಾ ಬೆನ್ನ ಮೇಲೆ. ಐದು ನಿಮಿಷಕ್ಕೆ ಹಿಂದಕ್ಕೆ ಎಳೆದು ಮುಂದಿನ ಪಟ್ಟಿ ಗಂಟಲಿಗೆ ಏರುತ್ತೆ. ಅದಕ್ಕೇ ‘ವಿ’ ತುದಿ ಒಳಗೆ ಒಂದು ದಾರದ ಕುಣಿಕೆ ಇರುತ್ತೆ, ಹುಡುಗರು ಶರ್ಟ್ ಗುಂಡಿಗೆ ಸಿಕ್ಕಿಸ್ಕೋತಾರೆ. ಸೀರೆ, ಚೂಡಿದಾರ್‌ನವರಿಗೆ ಗುಂಡಿ ಎಲ್ಲಿಂದ ಬರಬೇಕು? ಸೇಫ್ಟಿ ಪಿನ್ ಹಾಕಿದ್ರೆ ಸ್ಯಾಟಿನ್ ಹರಿಯುತ್ತೆ. ಗೌನ್‌ನ ಜಿಪ್ ಪಟ್ಟಿ ಮೇಲೇ, ಕತ್ತಿನಿಂದ ನಾಲ್ಕು ಇಂಚು ಕೆಳಗೆ ಒಂದು ಚಪ್ಪಟೆ ಕಪ್ಪು ಗುಂಡಿ ಹೊಲಿ, ಕುಣಿಕೆ ಅದಕ್ಕೇ. ಜೊತೆಗೆ ಎರಡೂ ಭುಜದ ಹೊಲಿಗೆ ಮೇಲೆ ಒಂದೊಂದು ಟಿಚ್ ಬಟನ್, ಅದರ ಜೋಡಿ ಹುಡ್ ಪಟ್ಟಿ ಕೆಳಗೆ. ಕುಣಿಕೆ ಒಂದನ್ನೇ ನಂಬಿದ್ರೆ ಗೌನೇ ಹಿಂದಕ್ಕೆ ಎಳೆಯುತ್ತೆ, ಭುಜದಲ್ಲಿ ಹಿಡಿದ್ರೆ ಭಾರ ಅಲ್ಲೇ ನಿಲ್ಲುತ್ತೆ. 120ಕ್ಕೆ 240 ಜೊತೆ ಟಿಚ್ ಬಟನ್, ಒಂದು ದಿನದ ಕೂಲಿ. ರೇಟ್ ಹೇಳೋವಾಗಲೇ ಸೇರಿಸು.

ಹುಡ್ ಹಿಂದೆ ಅಸ್ತರ್ ಬಣ್ಣ ಹೊರಗೆ ಕಾಣೋ ಹಾಗೆ ಮಗುಚಿರಬೇಕು, ಇಲ್ಲಾಂದ್ರೆ ಬರೀ ಕಪ್ಪು ಚೀಲ ನೇತಾಡಿದಂಗೆ ಇರುತ್ತೆ. ಮಗುಚಿದ ಕಡೆ ಎರಡು ಹೊಲಿಗೆ ಹಾಕಿಬಿಡು, ಮಕ್ಕಳು ತಾವೇ ಮಾಡ್ಕೋತಾರೆ ಅಂತ ಬಿಡಬೇಡ. ವೆಲ್ವೆಟ್ ಅಂಚಿನ ಮೇಲೆ ಇಸ್ತ್ರಿ ಒತ್ತಬೇಡ, ಹೊಳಪು ಹೊಡೆದು ಮಚ್ಚೆ ಬೀಳುತ್ತೆ. ಹಿಂದಿನಿಂದ ಆವಿ ಕೊಡು ಸಾಕು.

ಮೊದಲು ಎತ್ತರದ ಪಟ್ಟಿ ತರಿಸ್ಕೊಂಡು ಇಲ್ಲಿ ಹಾಕು, 42 ಮೇಲಿನೋರು ಎಷ್ಟು ಜನ ಅಂತಾನೂ ಬರಿ. ಬಟ್ಟೆ ಎಷ್ಟು ಮೀಟರ್ ಬೇಕು ಅಂತ ಆಮೇಲೆ ನೋಡೋಣ.