ಗಂಟೆಯ ಬಾಲ ಕತ್ತರಿಸಬೇಡಿ

"ಮಾನ್ಯರೇ, ನಮ್ಮ ತೋಟದ ಕಾಫಿಪುಡಿ, ಜೇನು, ಕಾಳುಮೆಣಸನ್ನು ನಾವೇ ಪ್ಯಾಕೆಟ್ ಮಾಡಿ ಮಾರುತ್ತೇವೆ. ವಾರಕ್ಕೊಂದು ವಿಡಿಯೊ ಹಾಕುತ್ತೇವೆ. ಅದರ ಶುರುವಿಗೆ ಹತ್ತು ಸೆಕೆಂಡಿನ ತುಣುಕು ಮಾಡಿಸಿದ್ದೇವೆ. ಮೊದಲು ಶಂಖ, ಆಮೇಲೆ ಓಂಕಾರ, ಜಾಗಟೆ, ಕೊನೆಗೆ ಗಂಟೆ ಢಣ್ ಅನ್ನುವಾಗ ನಮ್ಮ ಲೋಗೊ. ಮಾಡಿಕೊಟ್ಟವರು ಸೂಪರ್ ಎಂದರು. ಅಜ್ಜ ಒಮ್ಮೆ ಕೇಳಿ, ಏನೂ ಹೇಳದೆ ಎದ್ದು ಹೋದರು. ನೋಡುವವರನ್ನು ಮನೆಯೊಳಗೆ ಕರೆದ ಹಾಗಿರಲಿ ಅಂತ ನನ್ನ ಆಸೆ. ದೇವರ ಶಬ್ದ ಬಳಸಿದ್ದೇ ತಪ್ಪೇ? ತುಣುಕನ್ನು ನಿಮ್ಮ ಫೋನಿಗೆ ಕಳಿಸಿದ್ದೇನೆ."
— ನಾಪೋಕ್ಲು ಕಡೆಯ ಓದುಗ

ತಮ್ಮಾ, ತುಣುಕನ್ನು ನಾಲ್ಕು ಸಲ ಕೇಳಿದೆ. ಐದನೆಯ ಸಲಕ್ಕೆ ನನಗೂ ಎದ್ದು ಹೋಗಬೇಕು ಅನಿಸಿತು. ಬೇಜಾರು ಮಾಡಿಕೊಳ್ಳಬೇಡಿ. ಶಬ್ದ ಬಳಸಿದ್ದು ತಪ್ಪಲ್ಲ, ಅದನ್ನು ಮುಗಿಯಲು ಬಿಡದೇ ಇದ್ದದ್ದು ತಪ್ಪು.

ಮಾಡಿಕೊಟ್ಟವರ ಕಡೆಯಿಂದಲೂ ಒಂದು ಮಾತು ಹೇಳಿಬಿಡುತ್ತೇನೆ. ಮೊದಲ ಎರಡು ಮೂರು ಸೆಕೆಂಡಿನಲ್ಲಿ ಹಿಡಿದಿಡದಿದ್ದರೆ ಜನ ಬೆರಳಲ್ಲಿ ತಳ್ಳಿ ಮುಂದೆ ಹೋಗುತ್ತಾರೆ. ಅದು ನಿಜವೇ. ಸರಿ, ಈಗ ಅಜ್ಜನ ಕಡೆಗೆ ಬರೋಣ.

ಪೂಜೆಗೆ ಕೂತವರು ಗಂಟೆ ಬಾರಿಸುವಾಗ ಹೇಳುವ ಶ್ಲೋಕ ನಿಮಗೆ ಗೊತ್ತಿರಬಹುದು: 'ಆಗಮಾರ್ಥಂ ತು ದೇವಾನಾಂ, ಗಮನಾರ್ಥಂ ತು ರಾಕ್ಷಸಾಂ'. ದೇವರು ಬರಲಿ, ರಾಕ್ಷಸರು ಹೋಗಲಿ ಎಂದು ಅರ್ಥ. ಅಂದರೆ ಗಂಟೆ ಮೊದಲಿನಿಂದಲೂ ಕರೆಯುವ ಶಬ್ದವೇ. ನಿಮಗೆ ಬೇಕಾದ ಸ್ವಾಗತ ಅದರೊಳಗೇ ಇದೆ, ಬೇರೆ ಏನೂ ಸೇರಿಸಬೇಕಿಲ್ಲ. ಆದರೆ ಢಣ್ ಅನ್ನುವ ಆ ಕ್ಷಣಕ್ಕೇ ಲೋಗೊ ಎದ್ದು ಬಂದರೆ, ಗಂಟೆ ಕರೆದದ್ದು ಯಾರನ್ನು? ನಿಮ್ಮ ಕಾಫಿಪುಡಿಯನ್ನು! ಅಜ್ಜನಿಗೆ ಚುಚ್ಚಿದ್ದು ಅದೇ ಇರಬೇಕು.

ಇನ್ನು ಓಂಕಾರ. ಮಾಂಡೂಕ್ಯ ಉಪನಿಷತ್ತು ಅದನ್ನು ಅ, ಉ, ಮ ಎಂದು ಬಿಡಿಸಿ, ಆಮೇಲೆ ಮಾತ್ರೆಯೇ ಇಲ್ಲದ ನಾಲ್ಕನೆಯದೊಂದನ್ನು ಹೇಳುತ್ತದೆ. ಮ್ ಮುಗಿದ ಮೇಲಿನ ಮೌನ ಅಂತ ಇಟ್ಟುಕೊಳ್ಳಿ. ನಿಮ್ಮ ತುಣುಕಿನಲ್ಲಿ ಆ ನಾಲ್ಕನೆಯದರ ತಲೆ ಮೇಲೆಯೇ ಜಾಗಟೆ ಬಿದ್ದಿದೆ. ಜೊತೆಗೆ ಇನ್ನೊಂದು ತೊಂದರೆ. ಗಂಡು ದನಿಯ ಓಂಕಾರದ ತಳ ಇರುವುದು ಸೆಕೆಂಡಿಗೆ ನೂರು ಚಿಲ್ಲರೆ ಕಂಪನದಲ್ಲಿ. ಫೋನಿನ ಪುಟ್ಟ ಸ್ಪೀಕರಿಗೆ ಅಷ್ಟು ತಗ್ಗು ದನಿ ಹೊರಡಿಸಲು ಆಗುವುದಿಲ್ಲ. ಎದೆಯಿಂದ ಬಂದ ದನಿ ಮೂಗಿನಿಂದ ಬಂದ ಹಾಗೆ ಕೇಳುತ್ತದೆ. ನಿಮ್ಮ ಗಿರಾಕಿಗಳಲ್ಲಿ ಹೆಚ್ಚಿನವರು ನೋಡುವುದು ಫೋನಿನಲ್ಲೇ ಅಲ್ವಾ? ಹಾಗಾಗಿ ಓಂಕಾರವನ್ನು ಬಿಟ್ಟುಬಿಡಿ.

ಶಂಖವನ್ನೂ ಬಿಡಿ. 'ಶಂಖದಿಂದ ಬಂದರೇ ತೀರ್ಥ' ಅನ್ನುವ ನಾವೇ, ಶಂಖ ಜಾಗಟೆ ಒಟ್ಟಿಗೆ ಕೇಳಿದರೆ ಬೇರೇನೋ ನೆನೆಯುತ್ತೇವೆ. ಹಳೇ ಮೈಸೂರು ಕಡೆ ಹೆಣದ ಮುಂದೆ ದಾಸಯ್ಯ ಊದಿ ಬಾರಿಸುವುದು ಆ ಜೋಡಿಯನ್ನೇ. ಮಂಡ್ಯದ ಗಿರಾಕಿ ನಿಮ್ಮ ಸ್ವಾಗತ ಕೇಳಿ ಯಾರು ಹೋದರು ಅಂತ ನೋಡಿಯಾನು! ನಮ್ಮ ಕೊಡಗಿನಲ್ಲೂ ಹಾಗೇ. ಪುತ್ತರಿಗೆ ದುಡಿ, ಮದುವೆಗೆ ದುಡಿ, ಸಾವಿನ ಹಾಡಿಗೂ ದುಡಿ. ಇಂಟರ್ನೆಟ್ಟಿನಲ್ಲಿ ಸಿಕ್ಕ ದುಡಿಯ ಬಡಿತವನ್ನು ಅಂಟಿಸುವ ಮೊದಲು, ಅದು ಯಾವ ಮನೆಯ ಬಡಿತ ಅಂತ ತಿಳಿದವರನ್ನು ಕೇಳಬೇಕು.

ಹಾಗಾದರೆ ಉಳಿದದ್ದೇನು? ಒಂದು ಗಂಟೆ, ಒಂದೇ ಏಟು. ಸಾಕು.

ಊರಿನ ದೇವಸ್ಥಾನದ ತಕ್ಕರನ್ನು, ಅರ್ಚಕರನ್ನು ಕೇಳಿ, ಏತಕ್ಕೆ ಅಂತ ಮುಚ್ಚಿಡದೆ ಹೇಳಿ, ಪೂಜೆ ಇಲ್ಲದ ಹೊತ್ತಿನಲ್ಲಿ ಹೋಗಿ. ಮಂಗಳಾರತಿಯ ಗಂಟೆಯನ್ನು ಕದ್ದು ರೆಕಾರ್ಡ್ ಮಾಡಬೇಡಿ. ಕೈಗಂಟೆ ಬೇಡ, ಅದರ ನಾದ ಬೇಗ ಸಾಯುತ್ತದೆ. ತೂಗುಹಾಕಿದ ದೊಡ್ಡ ಗಂಟೆ ಬೇಕು. ಅದರ ಕೆಳಗೇ ನಿಲ್ಲಬೇಡಿ. ಹತ್ತಿರ ನಿಂತರೆ ನಾಲಗೆ ಲೋಹಕ್ಕೆ ಬಡಿದ ಕಿರುಚು ಮಾತ್ರ ಸಿಗುತ್ತದೆ. ಹದಿನೈದು ಇಪ್ಪತ್ತು ಅಡಿ ದೂರ, ಅಂಗಳದಲ್ಲಿ ನಿಂತರೆ ಕಿರುಚು ಮೆತ್ತಗಾಗಿ ನಾದ ಮುಂದೆ ಬರುತ್ತದೆ. ಬಾರಿಸುವವರಿಗೆ ಮೆಲ್ಲಗೆ ಬಾರಿಸಲು ಹೇಳಿ. ನಾದ ಪೂರ್ತಿ ಅಡಗಿ, ಹತ್ತು ಎಣಿಸುವವರೆಗೆ ರೆಕಾರ್ಡಿಂಗ್ ನಿಲ್ಲಿಸಬೇಡಿ. ಮೊಬೈಲಿನಲ್ಲೇ ಮಾಡುವುದಾದರೆ, ಶಬ್ದವನ್ನು ತಾನಾಗಿ ಏರಿಸಿ ಇಳಿಸುವ ಸೆಟ್ಟಿಂಗ್ ಇದ್ದರೆ ಮೊದಲು ಅದನ್ನು ಆಫ್ ಮಾಡಿ.

ಈಗ ಹತ್ತು ಸೆಕೆಂಡನ್ನು ಹೀಗೆ ಹಂಚಿ. ಮೊದಲ ಎರಡು ಸೆಕೆಂಡು ನಿಮ್ಮ ಅಂಗಳದ ಬೆಳಗಿನ ಸದ್ದು: ಎಲೆಯಿಂದ ತೊಟ್ಟಿಕ್ಕುವ ಹನಿ, ಒಂದು ಹಕ್ಕಿ. ಚಿತ್ರದಲ್ಲಿ ಐನ್‌ಮನೆಯ ಮೆಟ್ಟಿಲು. ಎರಡನೆಯ ಸೆಕೆಂಡಿಗೆ ಗಂಟೆ, ದೂರದಿಂದ. ಅಲ್ಲಿಂದ ಏಳರವರೆಗೆ ಏನೂ ಮಾಡಬೇಡಿ. ಬಾಗಿಲು ತೆರೆಯಲಿ, ದೀಪ ಕಾಣಲಿ, ನಾದ ತಾನೇ ಕರಗಲಿ. ಏಳಕ್ಕೆ ಲೋಗೊ ಬರಲಿ, ಸದ್ದಿಲ್ಲದೆ. ಎಂಟೂವರೆಗೆ ಅದೂ ಹೋಗಲಿ. ಆಮೇಲೆ ಬರೀ ಹನಿ.

ಎರಡು ಕಡೆ ಕೆಡುತ್ತದೆ. ಒಂದು, ನಾದ ಇನ್ನೂ ಇರುವಾಗಲೇ ಅರ್ಧ ಸೆಕೆಂಡಿನಲ್ಲಿ ಕತ್ತರಿಸುವುದು. ಕಿವಿಗೆ ಅದು ಗಂಟೆಯನ್ನು ಕೈಯಲ್ಲಿ ಹಿಡಿದು ನಿಲ್ಲಿಸಿದ ಹಾಗೆ ಕೇಳುತ್ತದೆ. ಐದು ಸೆಕೆಂಡಿಗಿಂತ ಉದ್ದ ಇದ್ದರೆ ಉಳಿದದ್ದನ್ನು ಅಂಗಳದ ಸದ್ದಿನ ಕೆಳಗೆ ಹರಿಯಲು ಬಿಡಿ. ಇನ್ನೊಂದು, ಎಡಿಟ್ ಮಾಡುವವರಿಗೆ ಇಷ್ಟವಾದ ಕಂಪ್ರೆಸರ್. ಅದು ಜೋರನ್ನು ತಗ್ಗಿಸಿ, ಮೆಲ್ಲಗಿದ್ದದ್ದನ್ನು ಮೇಲೆತ್ತಿ ಎಲ್ಲವನ್ನೂ ಒಂದೇ ಮಟ್ಟಕ್ಕೆ ತರುತ್ತದೆ. ಮಾತಿಗೆ ಒಳ್ಳೆಯದು, ಗಂಟೆಗೆ ಅಲ್ಲ. ಅಡಗುವುದೇ ಗಂಟೆಯ ಗುಣ, ಅದು ಅಡಗದಿದ್ದರೆ ಬರೀ ಗುಂಯ್ ಅನ್ನುತ್ತದೆ. ಯೂಟ್ಯೂಬ್ ಜೋರಾದ ವಿಡಿಯೊಗಳನ್ನು ಹೇಗೂ ಜೋರಿನ ಅಳತೆಯಲ್ಲಿ −14 LUFS ಅನ್ನುವ ಮಟ್ಟಕ್ಕೆ ಇಳಿಸುತ್ತದೆ. ಜೋರು ಮಾಡಿ ಸಿಗುವ ಲಾಭ ಏನೂ ಇಲ್ಲ. ನಿಮ್ಮ ಮಾತು ಹಿತವಾಗಿ ಕೇಳುವಷ್ಟು ವಾಲ್ಯೂಮ್ ಇಟ್ಟುಕೊಂಡು ಮೊದಲಿನಿಂದ ಹಾಕಿ ನೋಡಿ. ಗಂಟೆಗೆ ಬೆರಳು ವಾಲ್ಯೂಮ್ ಗುಂಡಿಗೆ ಹೋದರೆ ಇನ್ನೂ ತಗ್ಗಿಸಬೇಕು.

ಹಳೆಯ ಆಕಾಶವಾಣಿಯ ಶುರುವಿನ ರಾಗ ನೆನಪಿದೆಯಾ? ನಿಮ್ಮ ಅಜ್ಜನನ್ನು ಕೇಳಿ, ಹಾಡಿ ತೋರಿಸುತ್ತಾರೆ. ತಂಬೂರಿಯ ಶ್ರುತಿಯ ಮೇಲೆ ಪಿಟೀಲು, ಅಷ್ಟೇ. 1930ರ ದಶಕದಲ್ಲಿ ಅದನ್ನು ಮಾಡಿದವರು ವಾಲ್ಟರ್ ಕೌಫ್‌ಮನ್, ಮುಂಬೈಗೆ ಬಂದು ನೆಲೆಸಿದ್ದ ಯಹೂದಿ ನಿರಾಶ್ರಿತ. ಅದರಲ್ಲಿ ಮಂತ್ರ ಇಲ್ಲ, ಶಂಖ ಇಲ್ಲ. ಆದರೂ ನಮ್ಮ ಮನೆಯಲ್ಲಿ ಅದು ಬರುವಾಗ ಅವ್ವ ದೇವರ ದೀಪ ಹಚ್ಚುತ್ತಿದ್ದರು. ಸಂಸ್ಥೆಯ ಹೆಸರು ಆಮೇಲೆ ಬರುತ್ತಿತ್ತು, ಮೆಲ್ಲಗೆ.

ಈಗ ನೋಡಿ. ಕಳೆದ ತಿಂಗಳು ಒಂದು ರೆಸಾರ್ಟಿಗೆ ನೆಂಟರನ್ನು ಬಿಡಲು ಹೋಗಿದ್ದೆ. ಬಾಗಿಲು ತೆರೆದಾಗಲೆಲ್ಲ ಸ್ಪೀಕರಿನಿಂದ ಗಾಯತ್ರಿ ಮಂತ್ರದ ಅರ್ಧ ಸಾಲು. ಸೂಟ್‌ಕೇಸ್ ಒಳಗೆ ತರುವ ಹುಡುಗ ಹತ್ತು ಸಲ ಓಡಾಡಿದ, ಹತ್ತು ಸಲವೂ ಅರ್ಧ ಸಾಲೇ. ಲಿಫ್ಟಿನಲ್ಲಿ ಮಂತ್ರ, ಕಾರು ರಿವರ್ಸ್ ಹೋಗುವಾಗ ಮಂತ್ರ, ಬ್ಯಾಂಕಿನ ಸಾಲಿನಲ್ಲಿ ಹಿಂದೆ ನಿಂತವರ ಜೇಬಿನಲ್ಲಿ ಮಂತ್ರ, ಅದೂ 'ಹಲೋ' ಅನ್ನುವುದರೊಳಗೆ ಕಟ್. ದೇವರ ಶಬ್ದವನ್ನು ನಾಸ್ತಿಕರು ಕೆಡಿಸಿದ್ದನ್ನು ನಾನು ಕಂಡಿಲ್ಲ. ಭಕ್ತರೇ ಅರ್ಧಕ್ಕೆ ನಿಲ್ಲಿಸಿ ಕೆಡಿಸುತ್ತಿದ್ದೇವೆ. ಇದನ್ನು ಬರೆದರೆ ಕೆಲವರು ಚಂದಾ ನಿಲ್ಲಿಸುತ್ತಾರೆ ಅಂತಲೂ ಗೊತ್ತು.

ಹೊಸ ತುಣುಕು ಆದ ಮೇಲೆ ಅಜ್ಜನಿಗೆ 'ಕೇಳಿ' ಅನ್ನಬೇಡಿ. ಅವರು ಜಗಲಿಯಲ್ಲಿ ಕೂತಾಗ ಪಕ್ಕದ ಕೋಣೆಯಲ್ಲಿ ಸುಮ್ನೆ ಹಾಕಿ. ಈ ಹೊತ್ತಿನಲ್ಲಿ ದೇವಸ್ಥಾನದಲ್ಲಿ ಯಾರು ಅಂತ ಅವರು ಕೇಳಿದರೆ, ನನಗೆ ಒಂದು ಸಾಲು ಬರೆಯಿರಿ. ಜೊತೆಗೆ ಅರ್ಧ ಕಿಲೊ ಪುಡಿಯನ್ನೂ ಕಳಿಸಿ. ಚಿಕೋರಿ ಬೇಡ. ದುಡ್ಡು ಕೊಡುತ್ತೇನೆ.

— ಸಂ.