ರಿಪೋರ್ಟ್ ಚೆನ್ನಾಗಿದೆ, ಆದರೂ ಜನ ಬಾಟ್ ಬಿಟ್ಟು ಆಫೀಸಿಗೇ ಫೋನ್ ಮಾಡ್ತಾರೆ: ಎಲ್ಲಿ ನೋಡಬೇಕು?

ಪ್ರಶ್ನೆ: ನಮ್ಮ ಸೊಸೈಟಿಯ ವಾಟ್ಸಾಪ್ ಚಾಟ್‌ಬಾಟ್ ಶುರುವಾಗಿ ವರ್ಷ ಆಗ್ತಾ ಬಂತು. 90% ಪ್ರಶ್ನೆಗಳಿಗೆ ಉತ್ತರ ಕೊಟ್ಟಿದೆ ಅಂತ ರಿಪೋರ್ಟ್ ತೋರಿಸುತ್ತೆ. ಆದ್ರೆ ಸದಸ್ಯರು "ಅದು ಹಳೇದೇ ಹೇಳುತ್ತೆ" ಅಂತ ಬೈತಾರೆ. ಏನನ್ನ ಗಮನಿಸ್ಬೇಕು, ಯಾವಾಗ ಅಪ್‌ಡೇಟ್ ಮಾಡ್ಬೇಕು?

ಉತ್ತರ:

ಆ 90% ಅನ್ನು ಸದ್ಯಕ್ಕೆ ಮರೆತುಬಿಡಿ. ಬಾಟ್ "ನನಗೆ ಅರ್ಥವಾಗಲಿಲ್ಲ" ಎಂದು ಹೇಳದ ಮೆಸೇಜುಗಳನ್ನೆಲ್ಲ ಅದು "ಉತ್ತರ ಕೊಟ್ಟಿದೆ" ಲೆಕ್ಕಕ್ಕೆ ಸೇರಿಸಿರುತ್ತದೆ. ಕೊಟ್ಟ ಉತ್ತರ ಕೇಳಿದ್ದಕ್ಕೆ ಸಂಬಂಧಪಟ್ಟಿತ್ತೋ ಇಲ್ಲವೋ ಎಂಬುದು ಆ ಅಂಕಿಯಲ್ಲಿ ಬರುವುದೇ ಇಲ್ಲ.

ನಾನು ಮೂಡಿಗೆರೆ ಕಡೆಯ ಒಂದು ಕಾಫಿ ಬೆಳೆಗಾರರ ಸಂಘದ ವಾಟ್ಸಾಪ್ ಬಾಟ್ ನೋಡಿಕೊಳ್ಳುತ್ತೇನೆ. ನಿಮ್ಮದೂ ಹೆಚ್ಚುಕಡಿಮೆ ನಮ್ಮ ಥರದ್ದೇ ಇರಬೇಕು: ಮೊದಲೇ ಬರೆದಿಟ್ಟ ಉತ್ತರಗಳಿರುತ್ತವೆ, ಬಂದ ಮೆಸೇಜಿಗೆ ಯಾವುದು ಹತ್ತಿರವೋ ಅದನ್ನು ಬಾಟ್ ಹುಡುಕಿ ಕಳಿಸುತ್ತದೆ. ಇಂಥದ್ದರಲ್ಲಿ ಹೊಸ ಪ್ರಶ್ನೆ ಹೊಸದಾಗಿ ಕಾಣಿಸುವುದೇ ಇಲ್ಲ, ಅದೇ ದೊಡ್ಡ ತೊಂದರೆ. ಜನ ಹೊಸ ವಿಷಯವನ್ನೂ ಹಳೇ ಪದಗಳಲ್ಲೇ ಕೇಳುತ್ತಾರೆ. ಬಾಟ್ ಆ ಪದಗಳನ್ನು ಹಿಡಿದುಕೊಂಡು ಹಳೇ ಉತ್ತರವನ್ನು ಪೂರ್ತಿ ಧೈರ್ಯದಿಂದ ಕೊಡುತ್ತದೆ. ಅರ್ಥವಾಗದ ಮೆಸೇಜುಗಳ ಪಟ್ಟಿಯಲ್ಲಿ ಹುಡುಕಿದರೆ ನಿಮಗೆ "ಹಾಯ್", "ಥ್ಯಾಂಕ್ಸ್", ಗುಡ್ ಮಾರ್ನಿಂಗ್ ಫೋಟೋಗಳೇ ಸಿಗುತ್ತವೆ.

ನಮ್ಮಲ್ಲಿ ಆದದ್ದನ್ನೇ ಹೇಳುತ್ತೇನೆ. ಯುರೋಪಿಯನ್ ಒಕ್ಕೂಟ 2023ರಲ್ಲಿ ಒಂದು ಕಾನೂನು ತಂದಿತು, ಇಯುಡಿಆರ್ ಅಂತಾರೆ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿ ಅಲ್ಲಿಗೆ ಹೋಗುವಂತಿಲ್ಲ, ಬೆಳೆದ ತೋಟ ಎಲ್ಲಿದೆ ಎಂದು ಜಿಪಿಎಸ್ ಗುರುತಿನ ಸಮೇತ ತೋರಿಸಬೇಕು. ಸುದ್ದಿ ಮಲೆನಾಡಿಗೆ ಮುಟ್ಟಿದ ಮೇಲೆ ಬೆಳೆಗಾರರು ಬಾಟಿಗೆ ಕೇಳತೊಡಗಿದರು: "ರಿಜಿಸ್ಟ್ರೇಷನ್ ಮಾಡ್ಸಕ್ಕೆ ಏನೇನ್ ಬೇಕು", "ತೋಟ ಮ್ಯಾಪಿಗೆ ಹಾಕ್ಬೇಕಂತೆ ಹೌದಾ", ಇಂಗ್ಲಿಷ್ ಅಕ್ಷರದಲ್ಲಿ `europe rule ge pahani saka`. ಬಾಟಿನ ಬಳಿ ಮರುನಾಟಿ ಸಹಾಯಧನದ ಒಂದು ಉತ್ತರವಿತ್ತು. ಅದರಲ್ಲಿ ನೋಂದಣಿ, ಪಹಣಿ, ತೋಟ ಎಲ್ಲವೂ ಇದ್ದವು. ಹಾಗಾಗಿ ಕೇಳಿದವರಿಗೆಲ್ಲ ಸಬ್ಸಿಡಿ ಅರ್ಜಿಯ ವಿವರ ಹೋಯಿತು. ರಿಪೋರ್ಟಿನಲ್ಲಿ ಅಷ್ಟೂ "ಉತ್ತರ ಕೊಟ್ಟಿದೆ".

ಇದನ್ನು ಹಿಡಿಯುವುದು ಹೇಗೆ? ಸಿಕ್ಕ ಉತ್ತರ ಸರಿಯಿಲ್ಲದಿದ್ದರೆ ಜನ ಸಾಮಾನ್ಯವಾಗಿ ಮಾಡುವುದು ಒಂದೇ, ಅದೇ ಪ್ರಶ್ನೆಯನ್ನು ಸ್ವಲ್ಪ ಬದಲಾಯಿಸಿ ಮತ್ತೆ ಕೇಳುತ್ತಾರೆ. ಬಾಟ್ ಮತ್ತೆ ಅದೇ ಉತ್ತರ ಕೊಡುತ್ತದೆ. ಒಬ್ಬರೇ, ಮೂರು ನಿಮಿಷದೊಳಗೆ, ಎರಡು ಸಲ ಕೇಳಿ ಒಂದೇ ಉತ್ತರ ಪಡೆದ ಜೋಡಿಗಳನ್ನು ಪ್ರತಿ ಸೋಮವಾರ ಹೀಗೆ ತೆಗೆಯುತ್ತೇನೆ (`intent` ಎಂದರೆ ಬಾಟ್ ಆರಿಸಿದ ಉತ್ತರದ ಹೆಸರು):

```sql
SELECT a.intent, a.text, b.text
FROM user_msgs a
JOIN user_msgs b
  ON a.user_id = b.user_id
 AND b.ts > a.ts
 AND b.ts <= a.ts + interval '3 minutes'
WHERE a.intent = b.intent
  AND a.ts >= current_date - 7
ORDER BY a.intent;
```

ಓದುವ ಮುಂಚೆ ಫೋನ್ ನಂಬರುಗಳ ಜಾಗದಲ್ಲಿ ಬೇರೆ ಗುರುತು ಹಾಕಿಸಿ, ಲಾಗ್ ಓದುವವರಿಗೆ ಯಾರು ಕೇಳಿದರು ಎಂಬುದು ಬೇಕಾಗಿಲ್ಲ. ಈ ಪಟ್ಟಿಯಲ್ಲಿ ಚಿನ್ನ ಇರುವುದು ಎರಡನೇ ಮೆಸೇಜಿನಲ್ಲಿ. ಮೊದಲನೆಯದು "ರಿಜಿಸ್ಟ್ರೇಷನ್ ಹೇಗೆ" ಎಂದಷ್ಟೇ ಇರುತ್ತದೆ, ಎರಡನೆಯದರಲ್ಲಿ "ಸಬ್ಸಿಡಿ ಅಲ್ಲ ಮಾರಾಯ್ರೆ, ಯುರೋಪಿಂದು" ಎಂದು ಅವರೇ ಬಿಡಿಸಿ ಹೇಳಿರುತ್ತಾರೆ. ವಾರಕ್ಕೆ ಸಾವಿರಾರು ಮೆಸೇಜ್ ಬರುವ ಕಡೆ ಒಂದೇ ಥರದವನ್ನು ಗುಂಪು ಮಾಡುವ ಪ್ರೋಗ್ರಾಂ ಬೇಕಾಗುತ್ತದೆ. ಸೊಸೈಟಿ ಮಟ್ಟಕ್ಕೆ ಕೂತು ಓದಿದರೆ ಸಾಕು, ನನ್ನ ಪ್ರಕಾರ ಓದುವುದೇ ಒಳ್ಳೆಯದು.

ಕಂಡದ್ದೆಲ್ಲ ಹೊಸ ಪ್ರಶ್ನೆಯಲ್ಲ. ಬೇರೆ ಬೇರೆ ಊರಿನ ನಾಲ್ಕಾರು ಜನ ಒಂದೇ ವಾರದಲ್ಲಿ ಕೇಳಿದ್ದಾರಾ ಎಂದು ನೋಡುತ್ತೇನೆ, ಒಬ್ಬರೇ ಹತ್ತು ಸಲ ಕೇಳಿದ್ದು ಲೆಕ್ಕಕ್ಕಿಲ್ಲ. ಆಮೇಲೆ, ಈಗಿರುವ ಯಾವುದಾದರೂ ಉತ್ತರ ಅವರಿಗೆ ಸಾಕಾಗುತ್ತಿತ್ತಾ? ಸಾಕಾಗುತ್ತಿದ್ದರೆ ಅವರ ಮಾತನ್ನು ಆ ಉತ್ತರದ ಮಾದರಿ ಪ್ರಶ್ನೆಗಳಿಗೆ ಸೇರಿಸಿದರೆ ಮುಗಿಯಿತು. ಕೇಳಿದ್ದಕ್ಕೆಲ್ಲ ಹೊಸ ಉತ್ತರ ಬರೆಯುತ್ತಾ ಹೋದರೆ ಉತ್ತರಗಳು ಒಂದರ ಪ್ರಶ್ನೆಯನ್ನು ಇನ್ನೊಂದು ಕಿತ್ತುಕೊಳ್ಳುತ್ತವೆ. ನಮ್ಮ ಕಡೆ ಕಾಲಮಾನವನ್ನೂ ಗಮನಿಸಬೇಕು. ಮಾರ್ಚ್ ಏಪ್ರಿಲಿನಲ್ಲಿ ಹೂಮಳೆ, ಮಳೆಗಾಲದಲ್ಲಿ ಕೊಳೆರೋಗ, ಡಿಸೆಂಬರಿನಿಂದ ಕೊಯ್ಲು, ಒಣಗಿಸುವುದು, ರೇಟು. ಜುಲೈನಲ್ಲಿ ಕೊಳೆರೋಗದ ಪ್ರಶ್ನೆ ಏಕಾಏಕಿ ಏರಿದರೆ ಅದು ಮಳೆಯಷ್ಟೇ. ಹೋದ ವಾರದ ಜೊತೆ ಹೋಲಿಸಬೇಡಿ, ಹೋದ ವರ್ಷದ ಅದೇ ತಿಂಗಳ ಜೊತೆ ಹೋಲಿಸಿ.

ದೂರುಗಳ ವಿಷಯ. ಹೆಬ್ಬೆರಳು ಕೆಳಗೆ ಮಾಡುವ ಗುರುತನ್ನು ನಮ್ಮ ಜನ ಒತ್ತುವುದೇ ಅಪರೂಪ, ಆಫೀಸಿಗೆ ಫೋನ್ ಮಾಡಿ ಬೈಯುತ್ತಾರೆ. ಹಾಗಾಗಿ ಕೌಂಟರಿನಲ್ಲಿ ಒಂದು ನೋಟ್‌ಬುಕ್ ಇಟ್ಟಿದ್ದೇವೆ. ಫೋನ್ ಎತ್ತಿದವರು "ವಾಟ್ಸಾಪಲ್ಲಿ ಕೇಳಿದ್ರಾ?" ಎಂದು ವಿಚಾರಿಸಿ, ಹೌದೆಂದರೆ ಅವರು ಅಂದ ಮಾತನ್ನು ಹಾಗೇ ಬರೆದುಕೊಳ್ಳುತ್ತಾರೆ. ಹಾಗೇ ಬರೆಯುವುದು ಮುಖ್ಯ, ಆದರೂ ಕೆಲವೊಮ್ಮೆ ಅಷ್ಟರಿಂದ ಕಾರಣ ಸಿಗುವುದಿಲ್ಲ. "ರೇಟು ಸುಳ್ಳು ಹೇಳುತ್ತೆ" ಎಂಬ ದೂರನ್ನು ಬಿಡಿಸಿ ನೋಡಿದರೆ ಒಬ್ಬರಿಗೆ ರಜೆಯ ಮರುದಿನ ಹಳೇ ರೇಟು ಹೋಗಿತ್ತು, ಇನ್ನೊಬ್ಬರು 50 ಕೆಜಿ ಮೂಟೆಯ ರೇಟನ್ನು ಕೆಜಿಗೆ ಅಂದುಕೊಂಡಿದ್ದರು, ಮತ್ತೊಬ್ಬರು ಚೆರ್ರಿ ಕೇಳಿದ್ದಕ್ಕೆ ಪಾರ್ಚ್‌ಮೆಂಟಿನದ್ದು ಬಂದಿತ್ತು. ಒಂದೇ ಬೈಗುಳ, ಮೂರು ಬೇರೆ ರಿಪೇರಿ. ರೇಟಿನ ಸಾಲಿನಲ್ಲೇ ತಾರೀಖು, ತೂಕ, ಬಗೆ ಮೂರನ್ನೂ ಬರೆಸಿದ ಮೇಲೆ ಅದು ನಿಂತಿತು.

ಹಳತಾದ ಮಾಹಿತಿಯಲ್ಲಿ ನನಗೆ ಭಯ ಇರುವುದು ದೂರೇ ಬರದ ಥರದ್ದರ ಬಗ್ಗೆ. ಅರೇಬಿಕಾ ಕಾಫಿಯ ಬಿಳಿ ಕಾಂಡಕೊರಕ ಹುಳುವಿಗೆ ಹಳೇ ಕೈಪಿಡಿಗಳಲ್ಲಿ ಲಿಂಡೇನ್ ಎಂಬ ಕೀಟನಾಶಕ ಬಳಿಯಿರಿ ಎಂದಿರುತ್ತಿತ್ತು. ನಮ್ಮ ದೇಶದಲ್ಲಿ ಅದರ ತಯಾರಿಕೆ 2011ರ ಮಾರ್ಚ್‌ನಲ್ಲಿ, ಬಳಕೆ 2013ರ ಮಾರ್ಚ್‌ನಲ್ಲಿ ನಿಷೇಧವಾಯಿತು. ಅಂಥ ಒಂದು ಕೈಪಿಡಿ ಬಾಟ್ ಓದುವ ಫೋಲ್ಡರಿನಲ್ಲಿದ್ದರೆ ಅದು ಈಗಲೂ ಲಿಂಡೇನ್ ಹೇಳುತ್ತದೆ. ಹಳೇ ಬೆಳೆಗಾರರಿಗೆ ಅದು ಸರಿಯೆಂದೇ ಕಾಣುತ್ತದೆ, ಅವರ ಅಪ್ಪಂದಿರು ಬಳಿದದ್ದೂ ಅದನ್ನೇ. ಯಾರೂ ದೂರುವುದಿಲ್ಲ, ಯಾರೂ ಎರಡನೇ ಸಲ ಕೇಳುವುದಿಲ್ಲ. ಇದಕ್ಕಿರುವ ದಾರಿ ಒಂದೇ: ಕೇಂದ್ರ ಕೀಟನಾಶಕ ಮಂಡಳಿಯ ನಿಷೇಧಿತ ಔಷಧಿಗಳ ಪಟ್ಟಿ ಹಿಡಿದು ಒಂದೊಂದೇ ಹೆಸರನ್ನು ಎಲ್ಲ ಕಡತಗಳಲ್ಲಿ ಹುಡುಕುವುದು. ಕನ್ನಡದಲ್ಲಿ, ಇಂಗ್ಲಿಷಿನಲ್ಲಿ, ಅಂಗಡಿಯಲ್ಲಿ ಕರೆಯುವ ಬ್ರಾಂಡ್ ಹೆಸರಿನಲ್ಲಿ, ಮೂರರಲ್ಲೂ ಹುಡುಕಿ. ಸ್ಕ್ಯಾನ್ ಮಾಡಿದ ಪಿಡಿಎಫ್ ಬರೀ ಚಿತ್ರವಾಗಿದ್ದರೆ ಹುಡುಕಾಟದಲ್ಲಿ ಏನೂ ಸಿಗುವುದಿಲ್ಲ, ಬಾಟಿಗೆ ಹಾಕುವಾಗ ಅದರಿಂದ ತೆಗೆದ ಅಕ್ಷರಗಳಲ್ಲಿ ಹುಡುಕಬೇಕು.

ಇನ್ನು ತಾರೀಖಿರುವ ಮಾಹಿತಿ. ಇಯುಡಿಆರ್ ಮೊದಲು 2024ರ ಡಿಸೆಂಬರ್ 30ರಿಂದ ಜಾರಿ ಎಂದಿತ್ತು, ಆಮೇಲೆ ಒಂದು ವರ್ಷ ಮುಂದಕ್ಕೆ ಹೋಯಿತು, ಅದಾದ ಮೇಲೆ ಮತ್ತೊಮ್ಮೆ ಮುಂದಕ್ಕೆ ಹೋಯಿತು. ಬಾಟ್ ಕಡತಗಳನ್ನು ಓದಿ ತಾನೇ ವಾಕ್ಯ ಕಟ್ಟುವ ಥರದ್ದಾಗಿದ್ದರೆ ಇಲ್ಲಿ ಎಚ್ಚರ ಬೇಕು. ಹೊಸ ಸುತ್ತೋಲೆಯನ್ನು ಫೋಲ್ಡರಿಗೆ ಸೇರಿಸಿ ಹಳೆಯದನ್ನು ಅಲ್ಲೇ ಬಿಟ್ಟರೆ ಎರಡೂ ಹುಡುಕಾಟಕ್ಕೆ ಸಿಗುತ್ತವೆ. ಬೆಳಿಗ್ಗೆ ಕೇಳಿದವರಿಗೆ ಒಂದು ತಾರೀಖು, ಸಂಜೆ ಕೇಳಿದವರಿಗೆ ಇನ್ನೊಂದು. ಹಳೆಯದನ್ನು ಬಾಟಿನ ಸೂಚಿಯಿಂದ ತೆಗೆದುಹಾಕಿ, ನಿಮ್ಮ ದಾಖಲೆಗೆ ಬೇಕಾದರೆ ಬೇರೆ ಕಡೆ ಇಟ್ಟುಕೊಳ್ಳಿ. ಪ್ರತಿ ಉತ್ತರದ ಪಕ್ಕ ಅದರ ಮೂಲ, ಕೊನೆಗೆ ನೋಡಿದ ದಿನ, ಮುಂದೆ ನೋಡಬೇಕಾದ ದಿನ, ನೋಡುವವರ ಹೆಸರು ಇರಲಿ. ನೋಡುವವರ ಹೆಸರಿಲ್ಲದ ಉತ್ತರವನ್ನು ಯಾರೂ ನೋಡುವುದಿಲ್ಲ. ರೇಟನ್ನು ದಿನವೂ, ಔಷಧಿಯ ಮಾಹಿತಿಯನ್ನು ಸಿಂಪಡಣೆಯ ಕಾಲಕ್ಕೆ ಮುಂಚೆ, ಯೋಜನೆಗಳನ್ನು ಸುತ್ತೋಲೆ ಬಂದಾಗ ನೋಡಿ. ಎಲ್ಲಕ್ಕೂ ಒಂದೇ ಅವಧಿ ಇಡಬೇಡಿ.

ಇಯುಡಿಆರ್ ಪ್ರಶ್ನೆಗಳಿಗೆ ನಾವು ಹೊಸ ಉತ್ತರ ಸೇರಿಸಿದ್ದು ಹೀಗೆ. ತೋಟದ ತುಂಡು 4 ಹೆಕ್ಟೇರಿನೊಳಗೆ, ಅಂದರೆ ಸುಮಾರು 10 ಎಕರೆಯೊಳಗೆ ಇದ್ದರೆ ಒಂದು ಜಿಪಿಎಸ್ ಬಿಂದು ಸಾಕು, ಅದಕ್ಕಿಂತ ದೊಡ್ಡದಾದರೆ ಸುತ್ತಲಿನ ಗಡಿ ಗುರುತಿಸಬೇಕು ಎಂದು ಬರೆದು, ನೋಡಿದ ದಿನಾಂಕ ಹಾಕಿದೆವು. ಮಾದರಿ ಪ್ರಶ್ನೆಗಳಾಗಿ ಜನ ಕಳಿಸಿದ ಮಾತುಗಳನ್ನೇ, ಅವರದೇ ಕಾಗುಣಿತದಲ್ಲಿ ಹಾಕಿದೆವು. ನಾವು ಕೂತು ಕಲ್ಪಿಸಿದ ಶುದ್ಧ ವಾಕ್ಯಗಳಿಂದ ಪ್ರಯೋಜನವಿಲ್ಲ. ಬಿಡುಗಡೆಗೆ ಮುಂಚೆ ಹಳೇ ಪ್ರಶ್ನೆಗಳ ಪಟ್ಟಿಯೊಂದನ್ನು ಓಡಿಸುತ್ತೇವೆ, ಪ್ರತಿಯೊಂದಕ್ಕೂ ಯಾವ ಉತ್ತರ ಬರಬೇಕು ಎಂದು ಪಕ್ಕದಲ್ಲಿ ಬರೆದಿರುತ್ತದೆ. ಅಲ್ಲಿ ತಿಳಿಯಿತು: "ಅರ್ಜಿಗೆ ಪಹಣಿ ಬೇಕಾ" ಎಂಬ ಸಬ್ಸಿಡಿ ಪ್ರಶ್ನೆ ಈಗ ಯುರೋಪಿನ ಕಡೆ ಹೋಗುತ್ತಿತ್ತು. ಹೊಸ ಮಾದರಿಗಳಲ್ಲಿ "ಪಹಣಿ" ಪದ ಜಾಸ್ತಿಯಾಗಿತ್ತು. ಕೆಲವನ್ನು ತೆಗೆದೆವು. ಯಾವುದಕ್ಕೆ ಕೇಳಿದ್ದೆಂದು ಮನುಷ್ಯರಿಗೂ ಗೊತ್ತಾಗದಂಥ ಚಿಕ್ಕ ಮೆಸೇಜುಗಳಿಗೆ ಬಾಟ್ ತಾನೇ ಊಹಿಸದೆ "ಸಬ್ಸಿಡಿಗಾ, ಯುರೋಪ್ ನೋಂದಣಿಗಾ?" ಎಂದು ಎರಡು ಬಟನ್ ತೋರಿಸುವ ಹಾಗೆ ಮಾಡಿದೆವು. ವಾಟ್ಸಾಪಿನಲ್ಲಿ ಇಂಥ ಬಟನ್ ಮೂರರ ತನಕ ಇಡಬಹುದು.

ಮುಂದಿನ ಸೋಮವಾರ ಅದೇ ಪಟ್ಟಿ ತೆಗೆದು ನೋಡಿ. ಮರುಪ್ರಶ್ನೆಯೂ ಆಫೀಸಿನ ಫೋನೂ ಎರಡೂ ಇಳಿದಿದ್ದರೆ ಸರಿಹೋಗಿದೆ. ಮರುಪ್ರಶ್ನೆ ಇಳಿದು ಫೋನ್ ಇಳಿಯದಿದ್ದರೆ ಜನ ಬಾಟನ್ನು ಕೇಳುವುದನ್ನೇ ಬಿಟ್ಟಿದ್ದಾರೆ ಎಂದರ್ಥ, ರಿಪೋರ್ಟ್ ಇದನ್ನೂ ಸುಧಾರಣೆಯೆಂದೇ ತೋರಿಸುತ್ತದೆ.

ಇನ್ನೊಂದು ಕೆಲಸ ಬಾಕಿ ಇರುತ್ತದೆ: ತಪ್ಪು ಉತ್ತರ ಪಡೆದವರಿಗೆ ಸರಿಯಾದದ್ದನ್ನು ಕಳಿಸುವುದು. ಅವರು ಕೊನೆಗೆ ಮೆಸೇಜ್ ಮಾಡಿ 24 ಗಂಟೆ ದಾಟಿದ್ದರೆ ವಾಟ್ಸಾಪ್ ಮೊದಲೇ ಒಪ್ಪಿದ ಟೆಂಪ್ಲೇಟಿನಲ್ಲಿ ಮಾತ್ರ ಕಳಿಸಲು ಬಿಡುತ್ತದೆ, ಅದಕ್ಕೆ ದುಡ್ಡೂ ಬೀಳಬಹುದು. ರೇಟಿನ ತಪ್ಪಿಗೆ ಇದು ಬೇಡ, ಮರುದಿನ ಹೊಸ ರೇಟು ಬಂದೇ ಬರುತ್ತದೆ. ಔಷಧಿಯ ತಪ್ಪಾಗಿದ್ದರೆ ಮಾತ್ರ ಕಳಿಸಲೇಬೇಕು. "ಹಿಂದೆ ಕಳಿಸಿದ ಮಾಹಿತಿಯಲ್ಲಿ ತಿದ್ದುಪಡಿ ಇದೆ" ಎಂಬ ಟೆಂಪ್ಲೇಟೊಂದಕ್ಕೆ ಈಗಲೇ ಒಪ್ಪಿಗೆ ತೆಗೆದಿಟ್ಟುಕೊಳ್ಳಿ.